ಕೊನೆಯ ಕಂತಿನವರೆಗೂ ನಮ್ಮ ಗ್ರೈಂಡರ್

ನಮ್ಮತ್ತೆ ಗಿರಾಕಿಗಳ ಮನೆಗೆ ಹೋದರೆ ಬಾಗಿಲಲ್ಲಿ ನಿಂತು ಯಾರನ್ನೂ ಕೇಳುತ್ತಿರಲಿಲ್ಲ. ಚಪ್ಪಲಿ ಬಿಟ್ಟು ನೆಟ್ಟಗೆ ಅಡುಗೆಮನೆಗೆ ನಡೆದುಬಿಡುತ್ತಿದ್ದರು. ಮದುವೆಯಾಗಿ ಚೆನ್ನೈಗೆ ಬಂದ ಹೊಸತರಲ್ಲಿ ಅವರ ಹಿಂದೆ ಹೋಗುವಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು ನನಗೆ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

“ನಮ್ಮ ಸರಕು ಇರೋ ಕಡೆ ಹೋಗೋಕೆ ನಾವ್ಯಾರನ್ನ ಕೇಳ್ಬೇಕು?” ಅಂದರು.

ಟಿ. ನಗರದ ಒಂದು ಗಲ್ಲಿಯಲ್ಲಿ ನಮ್ಮದು ಗ್ರೈಂಡರ್ ಅಂಗಡಿ. ಮಾವನವರು ಹೋದ ಮೇಲೆ ಅತ್ತೆಯೇ ಯಜಮಾನಿ. ಮನೆಬಳಕೆಯ ಚಿಕ್ಕ ಗ್ರೈಂಡರನ್ನು ಜನ ದುಡ್ಡು ಕೊಟ್ಟು ಒಯ್ಯುತ್ತಾರೆ. ಇಡ್ಲಿ ಹಿಟ್ಟು ರುಬ್ಬಿ ಮಾರುವ ಹೆಂಗಸರಿಗೆ ಬೇಕಾದ ದೊಡ್ಡವನ್ನು ಮಾತ್ರ ನಾವು ಕಂತಿನ ಮೇಲೆ ಕೊಡುತ್ತೇವೆ. ಗ್ರೈಂಡರ್ ತಿರುಗುವುದು ಅವರ ಮನೆಯಲ್ಲಿ, ಆದರೆ ಕೊನೆಯ ಕಂತು ಬೀಳುವವರೆಗೆ ಅದರ ಒಡೆತನ ಅಂಗಡಿಯದು. ಸತತ ಮೂರು ಕಂತು ತಪ್ಪಿದರೆ ನೋಟೀಸು ಕೊಟ್ಟು ವಾಪಸು ತರಬಹುದು. ರಿಪೇರಿ ಏನಿದ್ದರೂ ನಮ್ಮ ಮೆಕ್ಯಾನಿಕ್ಕಿನಿಂದಲೇ ಆಗಬೇಕು. ಒಪ್ಪಂದದ ಕಾಗದದಲ್ಲಿ ಇದೆಲ್ಲ ಇದೆ.

ನಾನು ಬಿ.ಕಾಂ. ಮಾಡಿದವಳು, ಅತ್ತೆ ಏಳನೇ ಕ್ಲಾಸು. ಆ ಸೊಕ್ಕಿನಲ್ಲಿ ಮೊದಲ ತಿಂಗಳೇ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹಾಕಿದೆ. ಕಂತಿನ ಗ್ರೈಂಡರುಗಳ ಪೂರ್ತಿ ಬೆಲೆಯನ್ನು ಮಾರಾಟವೆಂದು ಬರೆದು, ಲಾಭ ಹೇಗೆ ಏರಿದೆ ನೋಡಿ ಅಂತ ತೋರಿಸಿದೆ. ಅತ್ತೆ ಕನ್ನಡಕ ಏರಿಸಿ ನೋಡಿದರು.

“ಜಿ.ಎಸ್.ಟಿ. ಬಿಲ್ಲಿಗೆ ಅದು ಮೊದಲನೇ ದಿನವೇ ಮಾರಾಟ, ಹಾಕ್ಕೋ. ನನ್ನ ಪುಸ್ತಕದಲ್ಲಿ ಬೇಡ. ಕೊಟ್ಟಿದ್ದೀವಿ ಕಣಮ್ಮ, ಮಾರಿಲ್ಲ.”

ಅವರ ಪುಸ್ತಕದಲ್ಲಿ ‘ಹೊರಗಿರೋ ನಮ್ಮ ಸರಕು’ ಅಂತ ಒಂದು ಭಾಗವಿತ್ತು. ಗಡುವು ಬಾರದ ಕಂತುಗಳೆಲ್ಲ ಅಲ್ಲಿ ಇರುತ್ತಿದ್ದವು. ಗಡುವು ಬಂದ ದಿನ ಆ ಒಂದು ಕಂತು ಮಾತ್ರ ಗಿರಾಕಿಯ ಬಾಕಿಗೆ ಹೋಗುವುದು, ಅದಕ್ಕೆ ಸೇರಿದ ಲಾಭವಷ್ಟೇ ಲಾಭ. ಉಳಿದದ್ದಕ್ಕೆ ನಾವು ಕೊಂಡ ಬೆಲೆಯೇ ಬೆಲೆ. ಮಾರ್ಚ್ ಕೊನೆಗೆ ಬೇರೆ ಅಂಗಡಿಯವರು ತಮ್ಮ ಗೋಡೌನಿನಲ್ಲಿ ಸರಕು ಎಣಿಸಿದರೆ, ನಮ್ಮತ್ತೆ ಬಸ್ಸು ಹಿಡಿದು ಊರ ತುಂಬ ಇರುವ ಅಡುಗೆಮನೆಗಳಲ್ಲಿ ಎಣಿಸುತ್ತಿದ್ದರು. ಕಾಲೇಜಿನಲ್ಲಿ ಇದೇ ಪಾಠ ಓದಿ ಒಳ್ಳೆಯ ಮಾರ್ಕ್ಸು ತೆಗೆದಿದ್ದೆ. ಅದನ್ನು ಒಬ್ಬರು ಹೀಗೆ ಬಸ್ಸಿನಲ್ಲಿ ಓಡಾಡಿ ನಡೆಸುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ವೇಲಚೇರಿಯಲ್ಲಿ ಒಬ್ಬಳು ಗಿರಾಕಿ ಇದ್ದಳು. ನೆಲಮಟ್ಟದ ಒಂದೂವರೆ ಕೋಣೆಯ ಮನೆ, ಇಬ್ಬರು ಹೆಣ್ಣುಮಕ್ಕಳು. ಮನೆ ನಡೆಯುತ್ತಿದ್ದದ್ದು ಆ ಗ್ರೈಂಡರಿನಿಂದಲೇ. ಒಂದು ಮಳೆಗಾಲದಲ್ಲಿ ಅವಳ ಬೀದಿಗೆ ನೀರು ನುಗ್ಗಿತು. ಆ ತಿಂಗಳ ಕಂತು ಬರಲಿಲ್ಲ. ಅತ್ತೆ ಬಿಟ್ಟರು. ಮುಂದಿನದೂ ಬರಲಿಲ್ಲ, ಅದರ ಮುಂದಿನದೂ ಇಲ್ಲ. ಫೋನು ಮಾಡಿದರೆ ‘ಅಮ್ಮಾ, ಸ್ವಲ್ಪ ದಿನ’ ಅನ್ನುವಳೇ ಹೊರತು ಕಾರಣ ಬಾಯಿ ಬಿಡಳು. ನೋಟೀಸು ಹೋಯಿತು. ಅದರ ಗಡುವೂ ಮುಗಿಯಿತು.

ನಾವು ಮಿನಿ ಲಾರಿಯಲ್ಲಿ ಹೋದ ಬೆಳಗ್ಗೆ ಅವಳು ಜಗಳವಾಡಲಿಲ್ಲ. ಗ್ರೈಂಡರನ್ನು ತೊಳೆದು ಒರೆಸಿ ಇಟ್ಟಿದ್ದಳು. ಅತ್ತೆ ಎಂದಿನಂತೆ ಕೇಳದೆ ಒಳಗೆ ಹೋದರು. ಅಕ್ಕಿ ನೆನೆಹಾಕಿದ ಬೋಗುಣಿ ಮೂಲೆಯಲ್ಲೇ ಇತ್ತು. ಅತ್ತೆಯ ಮೇಲೆ ನನಗೆ ಸಿಟ್ಟು ಬಂತು.

“ಅಂಗಡಿಗೆ ನೀನೂ ಬಾ,” ಅಂದರು ಅತ್ತೆ ಅವಳಿಗೆ ತಮಿಳಿನಲ್ಲಿ. “ವಾಪಸು ಬಂದ ಸರಕಿಗೆ ಬೆಲೆ ಕಟ್ಟುವಾಗ ನೀನು ಎದುರಿಗಿರಬೇಕು.”

ಅದು ಅವರು ಮಾಡಿಕೊಂಡ ಪದ್ಧತಿ. ನಾನು ಅಷ್ಟು ಕಾಯದೆ ಬೆಲೆ ಆಗಲೇ ಹಾಕಿಬಿಟ್ಟಿದ್ದೆ. ಹೊಸದರ ಬೆಲೆಯಲ್ಲಿ ಸವಕಳಿ ಇಷ್ಟು ಪರ್ಸೆಂಟು ಕಳೆ, ಉಳಿದದ್ದು ಹತ್ತು ಸಾವಿರ. ಮುಂದಿನ ಕಂತುಗಳ ಬಡ್ಡಿ ಬಿಟ್ಟು ಅವಳಿಂದ ನಮಗೆ ಬರಬೇಕಿದ್ದದ್ದು ಹದಿನಾಲ್ಕು. ನಾಲ್ಕು ಸಾವಿರ ನಷ್ಟ. ಗ್ರೈಂಡರನ್ನು ಒಂದು ಮೆಸ್ಸಿನವನು ಕೇಳಿಟ್ಟಿದ್ದ, ಅವನಿಗೆ ದಾಟಿಸಿದರೆ ಮುಗಿಯಿತು. ಅವಳ ಕಥೆಯೂ ಮುಗಿಯಿತು.

“ನೋಡದೇ ಬರ್ದ್ಯಾ?” ಅಂದರು ಅತ್ತೆ, ಅಂಗಡಿಯಲ್ಲಿ ಗ್ರೈಂಡರ್ ಇಳಿಸಿದ ಮೇಲೆ ನನ್ನ ಲೆಕ್ಕ ನೋಡಿ.

“ಕಾಲೇಜಿನ ಪುಸ್ತಕದಲ್ಲಿ ಹಾಗೇ ಇದೆ, ಅತ್ತೆ.”

“ಪುಸ್ತಕ ಕಲ್ಲು ಮುಟ್ಟುತ್ತೇನು?”

ನೆಲದ ಮೇಲೆ ಕೂತು ಗ್ರೈಂಡರಿನ ಪಾತ್ರೆಯೊಳಗೆ ಕೈ ಇಳಿಸಿದರು. ಬೆರಳುಗಳು ಕಲ್ಲಿನ ಮೇಲೆ ಹರಿದಾಡಿದವು, ನಿಂತವು, ಮತ್ತೆ ಹರಿದಾಡಿದವು. ಆಮೇಲೆ ಬಗ್ಗಿ ಮೋಟಾರಿನ ಹತ್ತಿರ ಮೂಗು ತಂದರು. ನಮ್ಮ ಮೆಕ್ಯಾನಿಕ್ಕನ್ನು ಕರೆದು ಸ್ವಿಚ್ ಹಾಕಿಸಿದರು. ಕಲ್ಲು ಗರಗರ ಅನ್ನದೆ ತಿರುಗಿತು.

“ಕಲ್ಲಿಗೆ ಹೊಸದಾಗಿ ಉಳಿ ಹೊಡೆಸಿದ್ದೀಯ. ಮೋಟಾರಿಗೆ ಹೊಸ ತಂತಿ ಸುತ್ತಿಸಿದ್ದೀಯ, ವಾರ್ನಿಷ್ ವಾಸನೆ ಇನ್ನೂ ಇದೆ. ಯಾವಾಗ?”

ಅವಳು ತಲೆ ತಗ್ಗಿಸಿದಳು. “ನೀರು ಮೋಟಾರಿಗೆ ಹೋಗಿತ್ತಮ್ಮಾ. ಹೊರಗಿನವರ ಹತ್ತಿರ ರಿಪೇರಿ ಮಾಡಿಸಬಾರದು ಅಂತ ಕಾಗದದಲ್ಲಿ ಇದೆ. ಹೇಳಿದರೆ ಕಿತ್ತುಕೊಳ್ಳುತ್ತೀರಿ ಅಂತ ಭಯ. ಕಂತಿಗೆ ಇಟ್ಟಿದ್ದ ದುಡ್ಡು ಅದಕ್ಕೇ ಹೋಯಿತು.”

ಅತ್ತೆ ಕೈ ಒರೆಸಿಕೊಂಡು ಎದ್ದರು. ಆಮೇಲೆ ನನ್ನ ಕಡೆ ತಿರುಗಿ, ಕನ್ನಡದಲ್ಲಿ, “ಕೇಳಿದ್ಯೇನೇ? ನಮಗೆ ಕಟ್ಟಬೇಕಾದ ದುಡ್ಡನ್ನ ನಮ್ಮ ಸರಕಿಗೇ ಹಾಕಿದ್ದಾಳೆ,” ಅಂದರು.

ಮೆಕ್ಯಾನಿಕ್ ಹೇಳಿದ ಬೆಲೆ ಹದಿನೇಳು ಸಾವಿರ. ಮೆಸ್ಸಿನವನು ಅಷ್ಟನ್ನೂ ಕಣ್ಣು ಮುಚ್ಚಿ ಕೊಡುತ್ತಿದ್ದ. ನನ್ನ ಹತ್ತನ್ನು ಹೊಡೆದುಹಾಕಿ, ವಾಪಸು ಬಂದ ಸರಕಿನ ಲೆಕ್ಕದಲ್ಲಿ ಹದಿನೇಳು ಬರೆಯಿಸಿದರು. ಅದರಲ್ಲಿ ಹದಿನಾಲ್ಕು ಅವಳ ಹಳೆಯ ಬಾಕಿಗೆ ಜಮಾ. ಬಾಕಿ ಸೊನ್ನೆಯಾಯಿತು. ಮೂರು ಸಾವಿರ ಮಿಕ್ಕಿತು.

“ಈ ಮೂರು ನಮ್ಮ ಲಾಭ, ಅತ್ತೆ,” ಅಂದೆ. “ಸರಕು ನಮ್ಮದಲ್ವಾ?” ಕಾನೂನು ಹಾಗೇ ಹೇಳುತ್ತದೆ, ನಾನು ತಪ್ಪು ಹೇಳಿರಲಿಲ್ಲ.

“ಸರಕು ನಮ್ಮದೇ. ಆ ಮೂರು ಅವಳದು. ಹೊಸ ಒಪ್ಪಂದ ಬರಿ. ಹಳೇ ಗ್ರೈಂಡರು, ಬೆಲೆ ಹದಿನೇಳು, ಮುಂಗಡ ಮೂರು ಬಂದಿದೆ. ಹದಿನಾಲ್ಕಕ್ಕೆ ಕಂತು ಮಾಡು, ಚಿಕ್ಕ ಚಿಕ್ಕದಾಗಿ.”

ಬಾಗಿಲ ಬಳಿ ನಿಂತವಳಿಗೆ ಏನು ನಡೆಯಿತೆಂದೇ ತಿಳಿಯಲಿಲ್ಲ. ಒಂದೊಂದೇ ಅಂಕಿ ತೋರಿಸಿ ನಾನೇ ವಿವರಿಸಿದೆ. ಅಷ್ಟು ವರ್ಷ ಓದಿದ ಲೆಕ್ಕಕ್ಕೆ ಹೀಗೂ ಒಂದು ಮುಖವಿದೆಯೆಂದು ಅವತ್ತೇ ನಾನು ಕಂಡದ್ದು. ನಮ್ಮತ್ತೆಯ ಮುಂದೆ ನನ್ನ ಡಿಗ್ರಿ ತೃಣ, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅದೇ ಮಿನಿ ಲಾರಿ ಸಂಜೆಯೊಳಗೆ ಗ್ರೈಂಡರನ್ನು ವೇಲಚೇರಿಗೆ ಮುಟ್ಟಿಸಿತು. ನೆನೆಹಾಕಿದ ಅಕ್ಕಿ ಹಾಳಾಗಲಿಲ್ಲವಂತೆ.

ಮುಂದೆ ಒಂದು ಕಂತೂ ತಪ್ಪಲಿಲ್ಲ. ಕೊನೆಯದನ್ನು ಅವಳು ಕೈಯಾರೆ ತಂದು ಕೊಟ್ಟಳು. ‘ಹೊರಗಿರೋ ನಮ್ಮ ಸರಕಿ’ನಿಂದ ಅವಳ ಸಾಲನ್ನು ಅತ್ತೆಯೇ ಗೆರೆ ಎಳೆದು ತೆಗೆದರು.

ಅದಾದ ವಾರದಲ್ಲಿ ಅದೇ ಬೀದಿಯ ಇನ್ನೊಂದು ಮನೆಗೆ ಹೋಗಿದ್ದೆವು. ಬರುವ ದಾರಿಯಲ್ಲಿ ಇವಳ ಬಾಗಿಲು ತೆರೆದಿತ್ತು, ಒಳಗೆ ಗ್ರೈಂಡರ್ ತಿರುಗುತ್ತಿತ್ತು. ನಾನು ಅಭ್ಯಾಸದಂತೆ ಚಪ್ಪಲಿ ಬಿಟ್ಟು ಕಾಲು ಒಳಗಿಡುವುದರಲ್ಲಿದ್ದೆ. ಅತ್ತೆ ನನ್ನ ಸೆರಗು ಹಿಡಿದು ಎಳೆದರು. ತಾವು ಹೊಸಿಲಾಚೆಯೇ ನಿಂತು, ಸೀರೆ ಸರಿಮಾಡಿಕೊಂಡು, ಬಾಗಿಲನ್ನು ಮೆಲ್ಲಗೆ ತಟ್ಟಿ ಕೇಳಿದರು:

“ಒಳಗೆ ಬರಬಹುದೇನಮ್ಮಾ?”