ಐದು ಮೇಜು, ಒಬ್ಬರೇ ಮಿಸ್

ಶಾಲೆಯ ಬೀಗ ತೆಗೆಯುವ ಮೊದಲು ದ್ರಾಕ್ಷಾಯಣಿ ಮಕ್ಕಳ ಪಾದ ನೋಡುತ್ತಾಳೆ. ಹೆಗ್ಗದ್ದೆ ಕಡೆಯ ಕಾಫಿ ತೋಟಗಳ ನಡುವೆ ನಡೆದು ಬರುವ ಮಕ್ಕಳ ಬೆರಳ ಸಂದಿಯಲ್ಲಿ ಇಂಬಳ ಕಚ್ಚಿಕೊಂಡು ರಕ್ತ ಹೀರುತ್ತಿರುತ್ತದೆ. ಜಗಲಿಯ ಮೇಲೆ ಹದಿನೇಳು ಮಕ್ಕಳನ್ನೂ ಸಾಲಾಗಿ ಕೂರಿಸಿ, ಉಪ್ಪಿನ ಗಂಟು ಹಿಡಿದು ಒಬ್ಬೊಬ್ಬರ ಕಾಲನ್ನೂ ತಿರುಗಿಸಿ ನೋಡುತ್ತಾಳೆ. ಇಂಬಳವೇ ಇಲ್ಲದ ಬಿರುಬೇಸಿಗೆಯಲ್ಲೂ ಇದು ತಪ್ಪಿಲ್ಲ. ಇಪ್ಪತ್ತಾರು ವರ್ಷದಿಂದ ಒಂದರಿಂದ ಐದನೇ ತರಗತಿಯವರೆಗೆ ಆ ಶಾಲೆಗೆ ಅವಳೊಬ್ಬಳೇ ಮಿಸ್.

ವಿಜ್ಞಾನ ಕಲಿಸಲು ಅವಳ ಬಳಿ ಐದು ಹಳೇ ಬಿಸ್ಕತ್ ಡಬ್ಬಗಳಿದ್ದವು. ಒಂದರಲ್ಲಿ ಮುಳುಗುವ ತೇಲುವ ಸಾಮಾನು: ಕಲ್ಲು, ಬೀಗದ ಕೈ, ಕಾಫಿ ಬೀಜ, ಬಾಟಲಿಯ ಮುಚ್ಚಳ, ಒಂದು ಉಂಡೆ ಜೇಡಿಮಣ್ಣು. ಇನ್ನೊಂದರಲ್ಲಿ ಕೆಟ್ಟ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ. ಮೂರನೆಯದರಲ್ಲಿ ತೆಂಗಿನ ಚಿಪ್ಪಿನ ತಕ್ಕಡಿ. ಉಳಿದ ಎರಡರಲ್ಲೂ ಇಂಥದೇ ಸಾಮಾನು. ಡಬ್ಬಗಳು ತುಕ್ಕು ಹಿಡಿದಿದ್ದವು. ಯಾರೂ ಅವುಗಳ ಫೋಟೊ ತೆಗೆದಿರಲಿಲ್ಲ.

ಫೋಟೊ ಬಂದದ್ದು ದೀಪಶ್ರೀಯ ಶಾಲೆಯದು. ಹೊಂಗಡಹಳ್ಳದ ಕಡೆ ಮೂರು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಹುಡುಗಿ. ಅವಳದ್ದೂ ಒಬ್ಬರೇ ಮಿಸ್ ಇರುವ ಶಾಲೆ. ಹೊಸದರಲ್ಲಿ ಒಂದು ಮಧ್ಯಾಹ್ನ ಬಂದು ದ್ರಾಕ್ಷಾಯಣಿಯ ಡಬ್ಬಗಳನ್ನು ತೆರೆದು ನೋಡಿ, ನೋಟ್ ಪುಸ್ತಕದಲ್ಲಿ ಬರೆದುಕೊಂಡು ಹೋಗಿದ್ದಳು. ಈಗ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಅದೇ ಕಲ್ಲು, ಅದೇ ಅಯಸ್ಕಾಂತ, ಅದೇ ಚಿಪ್ಪಿನ ತಕ್ಕಡಿ. ಆದರೆ ಬಣ್ಣ ಬಳಿದ ಮೇಜಿನ ಮೇಲೆ, ಚಂದದ ಅಕ್ಷರದ ಹಲಗೆಯ ಕೆಳಗೆ. ಫೋಟೊದ ಅಡಿಯಲ್ಲಿ ಮೆಚ್ಚುಗೆಯ ನಲವತ್ತೆರಡು ಹೆಬ್ಬೆರಳು. ದ್ರಾಕ್ಷಾಯಣಿ ಎಣಿಸಿದ್ದಳು. ಮಾರನೇ ದಿನ ಮತ್ತೆ ಎಣಿಸಿದಾಗ ನಲವತ್ತೇಳು.

ಪೂಜೆಗೆ ಕೂತರೂ ಆ ಹಲಗೆಯ ಅಕ್ಷರವೇ ಕಣ್ಣ ಮುಂದೆ. ಸುತ್ತಲ ಹದಿನೈದು ಶಾಲೆಗಳ ಕೆಲಸ ನೋಡಿಕೊಳ್ಳುವ ಸಿ.ಆರ್.ಪಿ. ರಂಗಸ್ವಾಮಿ, ಈ ತಿಂಗಳ ಶಿಕ್ಷಕರ ಸಭೆ ದೀಪಶ್ರೀಯ ಶಾಲೆಯಲ್ಲೇ, ಎಲ್ಲರೂ ಅವಳ ಮೇಜುಗಳನ್ನು ನೋಡಿ ಕಲಿಯಬೇಕು ಎಂದರು. ಸಕಲೇಶಪುರದಲ್ಲಿ ನಡೆಯುವ ತರಬೇತಿಗೆ ಕಲಿಸುವವರ ಪಟ್ಟಿಯಲ್ಲೂ ಅವಳ ಹೆಸರು ಎಂದರು. ಆ ಪಟ್ಟಿಯಲ್ಲಿ ತನ್ನ ಹೆಸರು ಒಂದು ಸಲ ಬರಲಿ ಎಂದು ದ್ರಾಕ್ಷಾಯಣಿ ಆಸೆಪಟ್ಟು ಹನ್ನೆರಡು ವರ್ಷವಾಗಿತ್ತು. ಬಾಯಿಬಿಟ್ಟು ಕೇಳಿರಲಿಲ್ಲ, ಅಷ್ಟೇ.

ಸಭೆಗೆ ಹದಿನೈದು ದಿನ ಇರುವಾಗ ದೀಪಶ್ರೀಯೇ ಕರೆದಳು. ಭಾನುವಾರ ಬೀಗ ತೆಗೆಸಿ, ಮೇಜುಗಳನ್ನು ತೋರಿಸಿ, ಏನಾದರೂ ತಪ್ಪಿದ್ದರೆ ಹೇಳಬೇಕು ಎಂದು ಕೇಳಿಕೊಂಡಳು.

ತಪ್ಪು ದ್ರಾಕ್ಷಾಯಣಿಯ ಕಣ್ಣಿಗೆ ಬಾಗಿಲಲ್ಲೇ ಬಿತ್ತು. ಐದು ಮೇಜು, ಐದು ತರಗತಿ. ಒಂದೊಂದು ಮೇಜಿಗೆ ಒಂದೊಂದು ತರಗತಿಯ ಹೆಸರು. ಎಲ್ಲ ಕಡೆ ಅಕ್ಷರದಲ್ಲೇ ಬರೆದ ಚೀಟಿ. ಒಂದನೇ ತರಗತಿಯ ಮಗು ಅದನ್ನು ಓದುವುದು ಹೇಗೆ? ಐದೂ ಮೇಜಿನವರು ಒಟ್ಟಿಗೆ ಮಿಸ್ ಅಂದರೆ ಓಡುವುದು ಎಲ್ಲಿಗೆ? ಈ ಹುಡುಗಿ ಡಬ್ಬದೊಳಗಿನ ಸಾಮಾನನ್ನಷ್ಟೇ ಬರೆದುಕೊಂಡು ಹೋಗಿದ್ದಳು. ಅವತ್ತು ಮಧ್ಯಾಹ್ನ ಮಕ್ಕಳೆಲ್ಲ ಊಟಕ್ಕೆ ಕೂತಿದ್ದರು. ಅವರು ಆ ಡಬ್ಬಗಳ ಸುತ್ತ ಹೇಗೆ ಕೂರುತ್ತಾರೆ ಎನ್ನುವುದನ್ನು ಅವಳು ನೋಡಿಯೇ ಇರಲಿಲ್ಲ.

"ಹೇಳಿ ಅಕ್ಕಾ, ಏನಾದ್ರೂ ಕಮ್ಮಿ ಐತಾ?"

"ಏನಿಲ್ಲ ಬಿಡು, ಎಲ್ಲಾ ಚೆನ್ನಾಗೈತೆ," ಎಂದಳು ದ್ರಾಕ್ಷಾಯಣಿ. ಕೊಟ್ಟ ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದಳು. ಬಸ್ಸಿನಲ್ಲಿ ಕೂತು, ತಾನು ಸುಳ್ಳು ಹೇಳಿಲ್ಲ, ಸಾಮಾನು ಚೆನ್ನಾಗಿಯೇ ಇದೆಯಲ್ಲ ಎಂದು ತನಗೇ ಹೇಳಿಕೊಂಡಳು. ಆ ಸಮಾಧಾನ ಇಳಿಯುವ ನಿಲ್ದಾಣದವರೆಗೂ ಉಳಿಯಲಿಲ್ಲ.

ಸಭೆಯ ದಿನ ಇಪ್ಪತ್ತು ಜನ ಶಿಕ್ಷಕರು ಗೋಡೆಯ ಪಕ್ಕ ಬೆಂಚುಗಳಲ್ಲಿ ಕೂತರು. ದೀಪಶ್ರೀ ಇಸ್ತ್ರಿ ಸೀರೆಯಲ್ಲಿ ನಿಂತು ಗಂಟೆ ಬಾರಿಸಿದಳು. ಮಕ್ಕಳು ತಂತಮ್ಮ ಮೇಜಿಗೆ ಹೋದರು. ಎಲ್ಲ ಕಲಸಿಹೋಗಲು ಹತ್ತು ನಿಮಿಷ ಸಾಕಾಯಿತು. ಒಂದನೇ ತರಗತಿಯವರು ಚೀಟಿಯನ್ನೂ ಸೇರಿಸಿ ಎಲ್ಲವನ್ನೂ ಬಾಣಲೆಯ ನೀರಿಗೆ ಸುರಿದರು. ತಕ್ಕಡಿಯ ಮೇಜಿನ ಐದನೇ ತರಗತಿಯವರು ಬೇಗ ಮುಗಿಸಿ ಒಬ್ಬರನ್ನೊಬ್ಬರು ಗಿಲ್ಲತೊಡಗಿದರು. ಅಯಸ್ಕಾಂತದವರು ಎರಡು ರೂಪಾಯಿ ನಾಣ್ಯ ಅಂಟಿಕೊಂಡದ್ದು ಹೇಗೆಂದು ಜಗಳಕ್ಕೆ ನಿಂತರು. ಮೂಲೆಯ ಮೇಜಿನಲ್ಲಿ ಉರಿಯುವ ಮೇಣದ ಬತ್ತಿಗೆ ಗಾಜಿನ ಲೋಟ ಮುಚ್ಚುವ ಪ್ರಯೋಗ. ಅಲ್ಲೊಬ್ಬಳ ಕೂದಲು ಬೆಂಕಿಯ ಹತ್ತಿರ ಬಾಗುತ್ತಿತ್ತು. ದೀಪಶ್ರೀ ಅಲ್ಲಿಗೆ ಓಡಿದಳು. ಮೂರು ಮೇಜಿನಿಂದ ಒಮ್ಮೆಲೇ ಮಿಸ್, ಮಿಸ್.

ದ್ರಾಕ್ಷಾಯಣಿಯ ಪಕ್ಕ ಕೂತಿದ್ದ ಶಿವಯ್ಯ ಮೇಷ್ಟ್ರು ಮೆಲ್ಲಗೆ ನಕ್ಕು, "ಫೋಟೊದಲ್ಲಿ ಸದ್ದು ಬರಾಕಿಲ್ಲ ನೋಡಿ," ಎಂದರು. ದ್ರಾಕ್ಷಾಯಣಿಗೂ ನಗು ಬಂತು. ಎಷ್ಟೋ ದಿನದಿಂದ ಕಾದಿದ್ದ ಹೊತ್ತು ಇದು, ಮೈಯೆಲ್ಲ ಹಗುರಾಯಿತು. ಆಗ ದೀಪಶ್ರೀ ತಿರುಗಿ ನೋಡಿದಳು. ರಂಗಸ್ವಾಮಿಯವರನ್ನಲ್ಲ, ಶಿವಯ್ಯನವರನ್ನಲ್ಲ, ನೇರವಾಗಿ ಇವಳನ್ನೇ. ಕಣ್ಣಲ್ಲಿ ನೀರು ತುಂಬಿತ್ತು. ಇವಳಿಗೆ ಮೊದಲೇ ಗೊತ್ತಿತ್ತು ಎನ್ನುವ ಸಂಶಯ ಕೂಡ ಆ ಮುಖದಲ್ಲಿರಲಿಲ್ಲ.

ದ್ರಾಕ್ಷಾಯಣಿ ಎದ್ದಳು. ಗಂಟೆಯೆಂದು ಕಿಟಕಿಗೆ ಕಟ್ಟಿದ್ದ ಕಬ್ಬಿಣದ ತುಂಡನ್ನು ಎರಡು ಸಲ ಬಡಿದಳು.

ಐದನೇ ತರಗತಿಯ ಐವರನ್ನೂ ಬಿಡಿಸಿ ಒಂದೊಂದು ಮೇಜಿಗೆ ಒಬ್ಬರನ್ನು ಹಾಕಿದಳು. ಚಿಕ್ಕವರನ್ನೂ ನಡುವಿನವರನ್ನೂ ಹಂಚಿ ಅವರ ಪಕ್ಕ ಕೂರಿಸಿದಳು. ಓದುವವರು ದೊಡ್ಡವರು, ಮುಟ್ಟಿ ನೋಡುವವರು ಚಿಕ್ಕವರು, ಗೆರೆ ಎಳೆದು ಗುರುತು ಹಾಕುವವರು ನಡುವಿನವರು. ತಿಳಿಯದಿದ್ದರೆ ಮೊದಲು ಮೇಜಿನವರನ್ನೇ ಕೇಳಬೇಕು. ಆಗಲೂ ತಿಳಿಯದಿದ್ದರೆ ಬಾಟಲಿಯ ಒಂದು ಕೆಂಪು ಮುಚ್ಚಳವನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕಾಯಬೇಕು. ಬೆಂಕಿಯ ಮೇಜನ್ನು ಬಿಟ್ಟು ಕದಲಬೇಡ ಎಂದು ದೀಪಶ್ರೀಗೆ ಹೇಳಿದಳು. ಮಿಸ್ ಇರಲೇಬೇಕಾದ ಮೇಜು ಒಂದೇ ಇರಬೇಕು, ಉಳಿದವು ತಾವೇ ನಡೆಯಬೇಕು.

ಬಾಣಲೆಯ ಮೇಜಿನಲ್ಲಿ ಪುಟ್ಟ ಹುಡುಗಿಯೊಬ್ಬಳು ಪ್ರತಿ ಸಾಮಾನನ್ನೂ ಎತ್ತಿ ಮುಳುಗುತ್ತದೋ ತೇಲುತ್ತದೋ ಮೊದಲು ಹೇಳಿ ಆಮೇಲೆ ಬಿಟ್ಟಳು. ಮೂರನೇ ತರಗತಿಯ ಹುಡುಗ ಊಹೆಗೊಂದು ಗೆರೆ, ಆದದ್ದಕ್ಕೊಂದು ಗೆರೆ ಹಾಕಿದ. ಐದನೇ ತರಗತಿಯ ಹೇಮಶ್ರೀ, ಮುಳುಗಿದ ಜೇಡಿಮಣ್ಣಿನ ಉಂಡೆಯನ್ನೇ ಬಟ್ಟಲಿನಂತೆ ತಟ್ಟಿ ತೇಲಿಸಿ, ಅದರೊಳಗೆ ಕಾಫಿ ಬೀಜ ಒಂದೊಂದಾಗಿ ಹಾಕುತ್ತ ಹೋದಳು. ಕೋಣೆಯಲ್ಲಿ ಸದ್ದಿತ್ತು, ಆದರೆ ಕೆಲಸದ ಸದ್ದು. ಹದಿನೈದು ನಿಮಿಷಕ್ಕೆ ಗಂಟೆ ಬಡಿದಾಗ ಗುಂಪುಗಳು ಮುಂದಿನ ಮೇಜಿಗೆ ಸರಿದವು.

ಊಟದ ಹೊತ್ತಿಗೆ ಎಲ್ಲರ ಬಾಯಲ್ಲೂ ದ್ರಾಕ್ಷಾಯಣಿಯ ಹೆಸರೇ. ದೀಪಶ್ರೀ ಮಕ್ಕಳಿಗೆ ಸಾರು ಬಡಿಸುತ್ತಿದ್ದಳು, ತಲೆ ಎತ್ತಲಿಲ್ಲ. ರಂಗಸ್ವಾಮಿ ಕೈ ತೊಳೆದುಕೊಂಡು ಹತ್ತಿರ ಬಂದರು.

"ನಿಮ್ಮಂಥೋರ್ನ ಇಷ್ಟು ದಿನ ಬಿಟ್ಟಿದ್ದು ನಮ್ದೇ ತಪ್ಪು ಮೇಡಂ. ತರಬೇತಿ ಪಟ್ಟಿ ಇನ್ನೂ ಕಳಿಸಿಲ್ಲ. ದೀಪಶ್ರೀ ಹೆಸರು ತೆಗೆದು ನಿಮ್ದು ಹಾಕ್ಬಿಡ್ತೀನಿ."

ಹನ್ನೆರಡು ವರ್ಷ ಕಾದ ಮಾತು. ಕೇಳಿದೊಡನೆ ಒಳಗೆ ಸಿಹಿಯಾದದ್ದೂ ನಿಜ.

"ಬೇಡ ಸರ್," ಎಂದಳು ದ್ರಾಕ್ಷಾಯಣಿ. "ಹದಿನೈದು ದಿನದ ಹಿಂದೆ ಅವಳೇ ಕರೆದು, ತಪ್ಪಿದ್ರೆ ಹೇಳಿ ಅಂತ ಕೇಳಿದ್ಲು. ನಂಗೆ ಕಂಡಿತ್ತು. ಹೊಟ್ಟೆಕಿಚ್ಚಿಗೆ ಹೇಳ್ಲಿಲ್ಲ."

ದೀಪಶ್ರೀ ಬಡಿಸುತ್ತಿದ್ದ ಸೌಟು ನಿಂತಿತು. ರಂಗಸ್ವಾಮಿ, ಅದೆಲ್ಲ ಇದ್ದದ್ದೇ ಮೇಡಂ, ದೊಡ್ಡದು ಮಾಡಬೇಡಿ, ಹೆಸರು ಹಾಕಿಯೇ ಹಾಕುತ್ತೇನೆ ಎಂದರು.

"ಅವಳ ಹೆಸರೇ ಇರ್ಲಿ ಸರ್. ನಂದು ಹಾಕ್ಬೇಡಿ."