ಕಾಂಪೌಂಡರ್ ಒರೆಸಿದ ಸ್ಪೀಕರ್

ಆಸ್ಪತ್ರೆಯಿಂದ ನಿವೃತ್ತರಾಗಿ ಆರು ವರ್ಷವಾದರೂ ಕಾಂಪೌಂಡರಿಗೆ ಒರೆಸುವ ಚಾಳಿ ಬಿಟ್ಟಿರಲಿಲ್ಲ. ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಬಟ್ಟೆ ಅದ್ದಿ ಬಾಗಿಲು, ಕುರ್ಚಿ, ಕೊನೆಗೆ ಸ್ಟೀರಿಯೋದ ಸ್ಪೀಕರ್ ಪೆಟ್ಟಿಗೆಗಳ ಬೆನ್ನನ್ನೂ ದಿನಾ ತಿಕ್ಕುತ್ತಿದ್ದರು. ಕ್ರಿಮಿಗಳಿಗೆ ಅವರ ಮನೆಯಲ್ಲಿ ನಿಲ್ಲಲು ನೆಲೆಯೇ ಇರಲಿಲ್ಲ.

ಆ ಸ್ಟೀರಿಯೋದಲ್ಲಿ ಅವರು ದಿನಾ ಕೇಳುತ್ತಿದ್ದುದು ಒಂದೇ ಕ್ಯಾಸೆಟ್: ಅವರ ಅಕ್ಕ ಇಪ್ಪತ್ತರ ಪ್ರಾಯದಲ್ಲಿ ಹಾಡಿದ್ದು. ಈಚೆಗೆ ಅದರಲ್ಲಿ ಕರಕರ ಶುರುವಾಯಿತು. ರೋಗಿಯನ್ನು ಮುಟ್ಟದೆಯೇ ರೋಗ ಹೇಳುವ ಈ ಮಹಾನುಭಾವರು, ನೆಂಟರಿಗೆಲ್ಲ ಫೋನ್ ಮಾಡಿ, "ಅಕ್ಕನ ಗಂಟಲು ಆಗಲೇ ಕೆಟ್ಟಿತ್ತು, ನಮಗೆ ಗೊತ್ತಾಗಿರ್ಲಿಲ್ಲ ಅಷ್ಟೆ" ಎಂದು ಸಾರಿದರು.

ಸುದ್ದಿ ಅಕ್ಕನ ಕಿವಿಗೆ ಬೀಳದೆ ಇರುತ್ತದೆಯೇ? ಟೆಲಿಫೋನ್ ಕಚೇರಿಯಲ್ಲಿ ಮೂವತ್ತು ವರ್ಷ ತಂತಿಗಳ ಜೊತೆ ಗುದ್ದಾಡಿದ ಹೆಂಗಸು ಆಕೆ. ಮರುದಿನ ಬೆಳಿಗ್ಗೆಯೇ ಬಾಗಿಲಲ್ಲಿ ನಿಂತಿದ್ದಳು.

"ತೆಗಿ ನನ್ನ ಕ್ಯಾಸೆಟ್ಟು. ಕೆಟ್ಟ ಗಂಟಲು ನಿನಗ್ಯಾಕೆ? ತಗೊಂಡ್ಹೋಗ್ತೀನಿ."

ಕಾಂಪೌಂಡರ ಮುಖ ಸಪ್ಪಗಾಯಿತು. ಇದ್ದದ್ದು ಅದೊಂದೇ ಪ್ರತಿ. ಅದಿಲ್ಲದ ಬೆಳಗನ್ನು ಅವರು ಯೋಚಿಸಿಯೇ ಇರಲಿಲ್ಲ. "ಒಂದ್ಸಲ ಕೇಳಾದ್ರೂ ಕೇಳಕ್ಕಾ," ಎಂದು ಗೋಗರೆದರು.

ಅಕ್ಕ ಕೇಳಿದಳು. ನಂತರ ಅದೇ ಸ್ಟೀರಿಯೋದಲ್ಲಿ ರೇಡಿಯೋ ಹಾಕಿದಳು. ಅದೂ ಕರಕರ, ಅದೂ ಎಡಗಡೆ ಪೆಟ್ಟಿಗೆಯಲ್ಲಿ ಮಾತ್ರ.

"ವಾರ್ತೆ ಓದೋನ ಗಂಟಲೂ ಕೆಟ್ಟಿದೆಯೇನೋ?"

ಅಕ್ಕ ಆ ಪೆಟ್ಟಿಗೆ ತಿರುಗಿಸಿ ಹಿಂದಿನ ತಂತಿಯನ್ನು ಮೆಲ್ಲಗೆ ಅಲ್ಲಾಡಿಸಿದಳು. ಸದ್ದು ಒಮ್ಮೆ ನಿಂತು, ಒಮ್ಮೆ ಚಟಪಟ ಎಂದಿತು. ಪವರ್ ಆರಿಸಿ, ಪ್ಲಗ್ ಕಿತ್ತು, ತಂತಿ ಬಿಗಿಯುವ ಕೆಂಪು, ಕಪ್ಪು ತಿರುಪುಗಳನ್ನು ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು.

"ಏನು ಹಚ್ತಿದ್ದೆ ಇದಕ್ಕೆ?"

"ಹಚ್ಚಲ್ಲಕ್ಕಾ... ಒರೆಸ್ತಿದ್ದೆ. ಬ್ಲೀಚಿಂಗ್ ನೀರಲ್ಲಿ."

"ಲೋಹಕ್ಕೆ ಬ್ಲೀಚಿಂಗಾ! ನಿನ್ನ ಕೈಲಿ ಔಷಧಿ ತಗೊಂಡೋರು ಬದುಕಿದ್ದೇ ದೊಡ್ಡದು ಕಣೋ."

ಅಕ್ಕ ಸಣ್ಣ ಉಪ್ಪುಕಾಗದದಿಂದ ಕಿಲುಬು ಕೆರೆದಳು. ಕಾಂಪೌಂಡರು ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದರು. ಆ ಕೆಲಸವೊಂದು ಅವರಿಗೆ ಚೆನ್ನಾಗಿ ಬರುತ್ತಿತ್ತು. ಅದು ಪೂರ್ತಿ ಆರುವಷ್ಟರಲ್ಲಿ ಆಕೆ ಕಪ್ಪಗಾದ ತಂತಿಯ ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಎಳೆಗಳನ್ನು ಒಟ್ಟಿಗೆ ಹೊಸೆದಳು. ಕೆಂಪಿನದು ಕೆಂಪಿಗೆ, ಕಪ್ಪಿನದು ಕಪ್ಪಿಗೆ. ಒಂದರ ಎಳೆ ಇನ್ನೊಂದಕ್ಕೆ ತಾಗದಂತೆ ತಿರುಪು ಬಿಗಿದಳು.

ಕ್ಯಾಸೆಟ್ ಹಾಕಿದರು. ಎರಡೂ ಪೆಟ್ಟಿಗೆಗಳಿಂದ ಇಪ್ಪತ್ತರ ಹುಡುಗಿಯ ದನಿ ತಿಳಿಯಾಗಿ ಹೊರಬಂತು. ಅಕ್ಕ ಕೈಯಲ್ಲಿದ್ದ ಸ್ಕ್ರೂ ಡ್ರೈವರನ್ನು ಕೆಳಗಿಡುವುದನ್ನೇ ಮರೆತಳು.

"ಇಷ್ಟು ಚೆನ್ನಾಗಿ ಹಾಡ್ತಿದ್ನೇನೋ ನಾನು?"

"ಹೂಂ. ಅದಕ್ಕೇ ದಿನಾ ಕೇಳೋದು," ಎಂದರು ಕಾಂಪೌಂಡರು. ಇಷ್ಟು ವರ್ಷದಲ್ಲಿ ಅಕ್ಕನನ್ನು ಹೊಗಳಿದ್ದು ಅದೇ ಮೊದಲು; ಕಿವಿ ಕೆಂಪಾಯಿತು.

ಅಕ್ಕ ಕಣ್ಣೊರೆಸಿಕೊಂಡಳು, ಮೂಗೊರೆಸಿಕೊಂಡಳು, ಫೋನನ್ನು ತಮ್ಮನ ಕೈಗಿಟ್ಟಳು. "ಕ್ಯಾಸೆಟ್ ನಿನ್ನ ಹತ್ರಾನೇ ಇರ್ಲಿ. ಈಗ ಮಾಡು, ಯಾರ್‍ಯಾರಿಗೆ ಹೇಳಿದ್ಯೋ ಎಲ್ಲರಿಗೂ."

ಹನ್ನೊಂದು ಮನೆ. ಮೊದಲನೆಯದು ದೊಡ್ಡಮ್ಮನದು, ಆಕೆಗೆ ಕಿವಿ ಮಂದ.

"ದೊಡ್ಡಮ್ಮಾ, ಅಕ್ಕನ ಗಂಟಲಿಗೆ ಏನೂ ಆಗಿರ್ಲಿಲ್ಲ. ಕೆಡಿಸಿದ್ದು ನಾನು."

"ಏನಂದೆ?" ಎಂದಿತು ಆ ಕಡೆ.

"ಜೋರಾಗಿ ಹೇಳೋ," ಎಂದಳು ಅಕ್ಕ, ಕುರ್ಚಿ ಎಳೆದು ಕೂತು.