ಒಲೆ ಮುಂದೆ ಯಾರು?

ನನ್ನ ಪರಿಚಯ ಲೇಖನಕ್ಕೆ ಮಾಸಪತ್ರಿಕೆಯವರು ಪುಟಕ್ಕೆ ಹತ್ತು ಸಾವಿರ ಕೇಳಿದರು. ಚೌಕಾಸಿ ಮಾಡಿ ಆರಕ್ಕಿಳಿಸಿದೆ. ಚಳ್ಳಕೆರೆಯ ನನ್ನ ಹೋಟೆಲಿಗೆ ಮೊಳಕಾಲ್ಮೂರಿನಲ್ಲೊಂದು ಶಾಖೆ ಬೇಕಿತ್ತು. ಅಲ್ಲಿ ನಾನು ಬಾಡಿಗೆಗೆ ಕೇಳಿದ್ದ ಮಳಿಗೆಯ ಒಡತಿ ಸರೋಜಮ್ಮ ಲೇಖನ ಓದಿ ನನ್ನನ್ನು ನಂಬಲಿ ಎಂಬುದು ಲೆಕ್ಕ.

ಅಚ್ಚಾದ ಪುಟವನ್ನು ಅವರ ಮನೆಗೇ ಒಯ್ದು ಕೊಟ್ಟೆ. ಓದಿ ಅವರು ಕನ್ನಡಕ ತೆಗೆದರು. “ಚೆನ್ನಾಗೈತೆ. ಈಗ ಒಲೆ ಮುಂದೆ ಯಾರ್ ನಿಲ್ತಾರಪ್ಪ?”

“ನಾನೇ ಕಣ್ರಮ್ಮ!”

“ಇದ್ರಾಗೆ ಹಂಗಿಲ್ವಲ್ಲ.”

ಗಲಿಬಿಲಿಯಾಗಿ ನಾನೂ ಓದಿದೆ. ಫೋನಿನಲ್ಲಿ ಪತ್ರಿಕೆಯವರು ಕೇಳಿದ್ದೆಲ್ಲ ಇತ್ತು: ಅವ್ವನಿಂದ ಕಲಿತದ್ದು, ಲೋಟ ತೊಳೆದು ಮೇಲೆ ಬಂದದ್ದು, ಆಹಾರ ಪರವಾನಗಿ, ಹನ್ನೆರಡು ಮಂದಿ ಕೆಲಸಗಾರರು, ಕೋಟು ತೊಟ್ಟ ಫೋಟೊ. ಒಂದೂ ಸುಳ್ಳಲ್ಲ. ಆದರೆ ಈಗಿನ ಅಡುಗೆಯ ಮಾತೇ ಇಲ್ಲ; ಪುಟದಲ್ಲಿರುವ ಈ ಮನುಷ್ಯ ಅಡುಗೆ ಬಿಟ್ಟು ವರ್ಷಗಳೇ ಆಗಿವೆ ಅನ್ನಿಸಿತು.

“ದೊಡ್ಡ ಮನುಷ್ಯರಿಗೆ ಮಳಿಗೆ ಕೊಟ್ಟು ನೋಡೀನಿ, ಬೇಗ ಬೀಗ ಹಾಕ್ತಾರೆ. ಅಡುಗೆಯವ್ನಾದ್ರೆ ಮಾಡಿ ತೋರ್ಸು” ಎಂದರು ಸರೋಜಮ್ಮ.

ಅವರ ಅಡುಗೆಮನೆಯಲ್ಲೇ ಸಣ್ಣ ಉರಿಯಲ್ಲಿ ಶೇಂಗಾ ಹುರಿದು, ಸಿಪ್ಪೆ ಉಜ್ಜಿ ಚಟ್ನಿ ಅರೆದೆ. ರುಚಿ ನೋಡಿ ಮಳಿಗೆಯ ಬೀಗದ ಕೈ ಕೊಟ್ಟರು. ಆ ಪುಟದಲ್ಲಿದ್ದವನು ಯಾರೋ, ನನಗಿನ್ನೂ ತಿಳಿದಿಲ್ಲ.

ನೀವೂ ಹೋಟೆಲಿನವರಾಗಿ ಇಂಥ ಲೇಖನ ಬರೆಸುವುದಾದರೆ ಅಚ್ಚಿಗೆ ಮೊದಲೇ ಕರಡು ತರಿಸಿಕೊಳ್ಳಿ. ನಿಮ್ಮ ಗುರುತಿಲ್ಲದ ಗಿರಾಕಿಯೊಬ್ಬರಿಗೆ ಓದಿಸಿ, ಈ ಹೋಟೆಲಿನಲ್ಲಿ ಇವತ್ತು ಅಡುಗೆ ಯಾರು ಮಾಡಿದರೆಂದು ಕೇಳಿ. ಅವರು ತಡವರಿಸಿದರೆ ದುಡ್ಡು ಬಿಚ್ಚಬೇಡಿ.